ಬತ್ತಿದ ಆಕಳು ತಿಂದದ್ದು ಯಾರ ಲೆಕ್ಕಕ್ಕೆ?

ನಮಸ್ಕಾರ. ಹೋದ ವಾರ ಆಳಂದ ಕಡೆಯ ನಮ್ಮ ನೆಂಟರೊಬ್ಬರ ಕೊಟ್ಟಿಗೆಯಲ್ಲಿ ಕೂತು ಲೆಕ್ಕ ಹಾಕಿದೆವು. ಒಂದೇ ಮಿಶ್ರತಳಿ ಆಕಳು, ದಿನಕ್ಕೆ ಸರಾಸರಿ 9 ಲೀಟರ್. ಹಿಂಡಿ, ಕಣಕಿ, ಹಸಿ ಮೇವು ಸೇರಿ ದಿನಕ್ಕೆ 200 ರೂಪಾಯಿ. ಕಣಕಿ ನಮ್ಮ ಹೊಲದ್ದೇ, ಅದಕ್ಕೇನು ದುಡ್ಡು ಅಂದರು ಅವರು. ಮಾರಿದ್ದರೆ ದುಡ್ಡು ಬರ್ತಿತ್ತು ಅಲ್ವಾ? ಅದಕ್ಕೇ ಪೇಟೆ ದರದಲ್ಲೇ ಹಿಡಿದೆವು. ಮನೆಯವರ ದುಡಿಮೆಗೂ ಕೂಲಿ ದರ ಹಾಕಿದರೆ ದಿನಕ್ಕೆ 75. ಒಟ್ಟು 275, ಲೀಟರಿಗೆ ಮೂವತ್ತೂವರೆ ಆಯಿತು. ಡೇರಿಯಲ್ಲಿ ಸಿಗೋದು 38. ಏಳೂವರೆ ಲಾಭ ಅಂತ ಅವರಿಗೆ ಖುಷಿ.

ಹಾಲು ಕೊಡದ ದಿನ ಆಕಳು ಉಪವಾಸ ಇರುತ್ತದಾ ಅಂತ ಕೇಳಿದೆ.

ಅವರ ಆಕಳು 300 ದಿನ ಕರೆದು, 120 ದಿನ ಬತ್ತಿ ನಿಂತಿತ್ತು. ಆಗಲೂ ಮೇವಿಗೆ ದಿನಕ್ಕೆ 100, ದುಡಿಮೆಗೆ 25 ಹೋಗುತ್ತದೆ, ಅಂದರೆ 15,000. ಕೆಚ್ಚಲು ಬಾವು, ಜಂತಿನ ಔಷಧ, ಮೂರು ಸಲ ಗರ್ಭಧಾರಣೆ ಸೂಜಿ, ಎಲ್ಲಾ ಸೇರಿ 4,500. ಕರೆದ ದಿನಗಳ 82,500 ಕೂಡಿಸಿದರೆ ಒಟ್ಟು 1,02,000. ಸಿಕ್ಕ ಹಾಲು 2,700 ಲೀಟರ್. ಭಾಗಿಸಿ ನೋಡಿ, ಲೀಟರಿಗೆ 37 ರೂಪಾಯಿ 78 ಪೈಸೆ. ಉಳಿದದ್ದು 22 ಪೈಸೆ! ಸಗಣಿ ಗೊಬ್ಬರ ಮಾರಿದ್ದನ್ನು ಸೇರಿಸಿದರೆ ಇನ್ನೊಂದಿಷ್ಟು ಬರುತ್ತದೆ, ಆಕಳು ಕೊಂಡ ದುಡ್ಡನ್ನು ಇಲ್ಲಿ ಹಿಡಿದೇ ಇಲ್ಲ.

ಹಿಂಡಿ ಕಡಿಮೆ ಮಾಡಲೇನು ಅಂದರು. ಬೇಡ, ಹಾಲೂ ಇಳಿಯುತ್ತದೆ. ತಪ್ಪು ಇದ್ದದ್ದು ಗಬ್ಬ ನಿಂತ ದಿನದಲ್ಲಿ. ಕರು ಹಾಕಿದ 80ನೇ ದಿನಕ್ಕೆ ನಿಂತಿದ್ದರೆ ಬತ್ತುವ ದಿನ 60 ಆಗುತ್ತಿತ್ತು, ಇವರದ್ದು 140ಕ್ಕೆ ನಿಂತಿದೆ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಒಂದು ಬೆದೆ ತಪ್ಪಿಸಿದರೆ 21 ದಿನ, ದಿನಕ್ಕೆ 125ರಂತೆ 2,625 ರೂಪಾಯಿ ಸುಮ್ನೆ ಹೋಯಿತು. ಅಂದರೆ ಹೆಚ್ಚುಕಮ್ಮಿ ಲೀಟರಿಗೆ ಒಂದು ರೂಪಾಯಿ.

ನಮ್ಮ ಕಲಬುರಗಿ ಬಿಸಿಲಿಗೆ ಬೆದೆ ಜೋರಾಗಿ ಕಾಣುವುದಿಲ್ಲ, ಎಷ್ಟೋ ಸಲ ರಾತ್ರಿಯೇ ಬಂದು ಹೋಗುತ್ತದೆ. ಅದಕ್ಕೆ ನಸುಕಿನಲ್ಲಿ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಹತ್ತು ನಿಮಿಷ ನಿಂತು ನೋಡಬೇಕು. ಬಾಲದ ಕೆಳಗೆ ಮೊಟ್ಟೆಯ ಬಿಳಿಯಂಥ ಲೋಳೆ, ಒಂದೇ ಸಮನೆ ಕೂಗು, ದಿಢೀರನೆ ಹಾಲು ಇಳಿದದ್ದು, ಇವು ಕಂಡರೆ ಸಾಕು. ಬೆಳಗ್ಗೆ ಕಂಡರೆ ಸಂಜೆ ಸೂಜಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಸೂಜಿ ಹಾಕಿಸಿದ ಎರಡು-ಮೂರು ತಿಂಗಳಿಗೆ ಗಬ್ಬ ನಿಂತಿದೆಯೋ ಇಲ್ಲವೋ ಪರೀಕ್ಷೆ ಮಾಡಿಸಿ.

ನೆಂಟರು ಕೊನೆಗೆ ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಸೂಜಿ ಹಾಕಿಸಿದ ತಾರೀಖು ಬರೆದು, ಅದರ ಕೆಳಗೇ 21 ದಿನ ಮುಂದಿನದ್ದನ್ನೂ ಬರೆದರು.