ಸಿಟಿಆರ್ ಇಳಿಯಿತು, ವ್ಯೂಸ್ ಏರಿತು: ಈ ಲೆಕ್ಕ ಏನು?

[ತೆರೆಯ ಮೇಲೆ: ಒಂದೇ ವಿಡಿಯೋದ ಎರಡು ಸ್ಕ್ರೀನ್‌ಶಾಟ್. ಎಡಕ್ಕೆ "ಮೊದಲ ದಿನ, 9%". ಬಲಕ್ಕೆ "ಏಳನೇ ದಿನ, 3.5%"]

ನಮಸ್ಕಾರ. ಈ ಎರಡು ಚಿತ್ರ ನೋಡಿ. ಎರಡೂ ಒಂದೇ ವಿಡಿಯೋದವು. ಥಂಬ್‌ನೇಲ್ ಚಿತ್ರ ಕಂಡಾಗ ನೂರಕ್ಕೆ ಎಷ್ಟು ಸಲ ಒತ್ತಿದರು ಅನ್ನುವ ಲೆಕ್ಕವೇ ಕ್ಲಿಕ್ ಥ್ರೂ ರೇಟ್, ಅಂದರೆ ಸಿಟಿಆರ್. ಮೊದಲ ದಿನ ಅದು 9% ಇತ್ತು. ವಾರ ಕಳೆಯುವಷ್ಟರಲ್ಲಿ 3.5%ಗೆ ಬಂತು. ನೋಡಿದ ತಕ್ಷಣ ವಿಡಿಯೋ ಬಿದ್ದುಹೋಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ವಾರದಲ್ಲಿ ವ್ಯೂಸ್ 310ರಿಂದ 1,900 ಆಗಿದೆ.

ಹೀಗಾದಾಗ ಗಾಬರಿಯಾಗಿ ಥಂಬ್‌ನೇಲ್ ಬದಲಿಸುವವರು ತುಂಬಾ ಜನ. ಚಾನೆಲ್ ಶುರು ಮಾಡಿದ ಹೊಸತರಲ್ಲಿ ನಾನೂ ಬದಲಿಸಿದ್ದೇನೆ, ಒಂದೇ ವಾರದಲ್ಲಿ ಮೂರು ಸಲ. ಯಾವ ಅಂಕಿ ಏನನ್ನು ಎಣಿಸುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಇವತ್ತು ಯೂಟ್ಯೂಬ್ ಸ್ಟುಡಿಯೋ ತೆರೆದು, ಮಲ್ಲಿಗೆ ಗಿಡ ಸವರುವುದು ಹೇಗೆ ಅನ್ನುವ ಒಂದು ವಿಡಿಯೋ ಇಟ್ಟುಕೊಂಡು ಲೆಕ್ಕ ಮಾಡೋಣ. ಸುಲಭವಾಗಲಿ ಅಂತ ದುಂಡು ಅಂಕಿಗಳನ್ನು ನಾನೇ ಉದಾಹರಣೆಗೆ ಹಾಕಿಕೊಂಡಿದ್ದೇನೆ.

[ತೆರೆಯ ಮೇಲೆ: ಯೂಟ್ಯೂಬ್ ಹೋಮ್ ಪೇಜ್, ಬೆರಳು ಮೇಲಕ್ಕೆ ಸರಿಸುತ್ತಿದೆ]

ಮೊದಲು ಇಂಪ್ರೆಷನ್. ನಿಮ್ಮ ಥಂಬ್‌ನೇಲ್ ಒಬ್ಬರ ತೆರೆಯ ಮೇಲೆ ಕಂಡರೆ ಅದು ಒಂದು ಇಂಪ್ರೆಷನ್. ಆದರೆ ಸುಮ್ನೆ ಮಿಂಚಿ ಹೋದರೆ ಸಾಲದು. ಥಂಬ್‌ನೇಲಿನ ಅರ್ಧ ಭಾಗವಾದರೂ ತೆರೆಯ ಮೇಲೆ ಇರಬೇಕು, ಒಂದು ಸೆಕೆಂಡಿಗಿಂತ ಜಾಸ್ತಿ ನಿಲ್ಲಬೇಕು. ಯಾರೋ ಸರಸರ ಸ್ಕ್ರೋಲ್ ಮಾಡಿಕೊಂಡು ದಾಟಿ ಹೋದರೆ ಅದು ಎಣಿಕೆಗೆ ಬರುವುದಿಲ್ಲ. ಒಬ್ಬರಿಗೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಂಡರೆ ಎರಡು ಇಂಪ್ರೆಷನ್. ಹಾಗಾಗಿ 40,000 ಇಂಪ್ರೆಷನ್ ಅಂದರೆ 40,000 ಜನ ಅಂತ ಓದಬೇಡಿ.

ಇನ್ನೊಂದು ಮುಖ್ಯ ವಿಷಯ. ಥಂಬ್‌ನೇಲ್ ಎಲ್ಲೇ ಕಂಡರೂ ಇಂಪ್ರೆಷನ್ ಆಗುವುದಿಲ್ಲ. ಯೂಟ್ಯೂಬಿನ ಹೋಮ್, ಸರ್ಚ್, ಸಬ್‌ಸ್ಕ್ರಿಪ್ಷನ್ ಪಟ್ಟಿ, ಒಂದು ವಿಡಿಯೋ ನೋಡುವಾಗ ಕೆಳಗೋ ಪಕ್ಕದಲ್ಲೋ ಬರುವ ಸಲಹೆಗಳು, ಪ್ಲೇಲಿಸ್ಟ್, ಇಲ್ಲೆಲ್ಲ ಕಂಡರೆ ಎಣಿಸುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಲಿಂಕಿನ ಜೊತೆ ಕಾಣುವ ಚಿತ್ರ, ಬೇರೆ ವೆಬ್‌ಸೈಟಿನಲ್ಲಿ ಹಾಕಿದ ವಿಡಿಯೋ, ಫೋನಿಗೆ ಬರುವ ನೋಟಿಫಿಕೇಶನ್, ವಿಡಿಯೋ ಮುಗಿಯುವಾಗ ಬರುವ ಎಂಡ್ ಸ್ಕ್ರೀನ್, ಮಧ್ಯದಲ್ಲಿ ಬರುವ ಕಾರ್ಡ್, ಇವು ಯಾವುವೂ ಲೆಕ್ಕಕ್ಕಿಲ್ಲ. ಇದನ್ನು ನೆನಪಿಡಿ, ಸ್ವಲ್ಪ ಹೊತ್ತಿನಲ್ಲೇ ಬೇಕಾಗುತ್ತದೆ.

[ತೆರೆಯ ಮೇಲೆ: ವಿಡಿಯೋದ ಅನಲಿಟಿಕ್ಸ್, ರೀಚ್ ಟ್ಯಾಬಿನ ಆಲಿಕೆ ಚಿತ್ರ]

ಸ್ಟುಡಿಯೋದಲ್ಲಿ ಯಾವುದಾದರೂ ಒಂದು ವಿಡಿಯೋದ ಅನಲಿಟಿಕ್ಸ್ ತೆರೆದು, ರೀಚ್ ಟ್ಯಾಬಿಗೆ ಹೋದರೆ ಆಲಿಕೆಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದಾದ ಒಂದು ಚಿತ್ರ ಕಾಣುತ್ತದೆ. ಮೇಲೆ ಇಂಪ್ರೆಷನ್. ಅದರ ಕೆಳಗೆ, ಇಂಪ್ರೆಷನ್‌ನಿಂದ ಬಂದ ವ್ಯೂಸ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದೇ ಸಿಟಿಆರ್.

ನಮ್ಮ ಮಲ್ಲಿಗೆ ವಿಡಿಯೋದಲ್ಲಿ ಮೊದಲ ದಿನ 2,000 ಇಂಪ್ರೆಷನ್, ಅದರಿಂದ 180 ವ್ಯೂಸ್. ಅದಕ್ಕೇ 9%.

ಆದರೆ ಮೇಲೆ ದೊಡ್ಡದಾಗಿ ಕಾಣುವ ವ್ಯೂಸ್ 310. ಹಾಗಾದರೆ ಉಳಿದ 130 ಎಲ್ಲಿಂದ ಬಂತು? ಈಗಷ್ಟೇ ಹೇಳಿದೆನಲ್ಲ, ಎಣಿಕೆಗೆ ಸಿಗದ ಬಾಗಿಲುಗಳು. ಗಿಡ ಬೆಳೆಸುವವರ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿರುತ್ತೇವೆ, ಗಂಟೆ ಒತ್ತಿದವರಿಗೆ ನೋಟಿಫಿಕೇಶನ್ ಹೋಗಿರುತ್ತದೆ, ಹಳೆಯ ವಿಡಿಯೋದ ಎಂಡ್ ಸ್ಕ್ರೀನಿನಿಂದ ಕೆಲವರು ಬಂದಿರುತ್ತಾರೆ. ಅವರು ನೋಡಿದ್ದು ವ್ಯೂಸಿಗೆ ಸೇರುತ್ತದೆ. ಸಿಟಿಆರ್ ಲೆಕ್ಕದಲ್ಲಿ ಅವರು ಮೇಲೂ ಇಲ್ಲ, ಕೆಳಗೂ ಇಲ್ಲ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಒಟ್ಟು ವ್ಯೂಸನ್ನು ಇಂಪ್ರೆಷನ್‌ನಿಂದ ಭಾಗಿಸುತ್ತಾರೆ. 310 ಭಾಗಿಸು 2,000 ಅಂದರೆ 15.5% ಬರುತ್ತದೆ. ಸ್ಟುಡಿಯೋ 9% ತೋರಿಸುತ್ತಿರುತ್ತದೆ. ಯೂಟ್ಯೂಬ್ ಲೆಕ್ಕ ತಪ್ಪಿದೆ ಅನ್ನಿಸುತ್ತದೆ. ತಪ್ಪಿಲ್ಲ, ಅದು ಬೇರೆ ವ್ಯೂಸಿನ ಲೆಕ್ಕ.

[ತೆರೆಯ ಮೇಲೆ: ಟ್ರಾಫಿಕ್ ಸೋರ್ಸ್ ಪಟ್ಟಿ, ಏಳನೇ ದಿನ]

ಈಗ ಏಳನೇ ದಿನಕ್ಕೆ ಬನ್ನಿ. ಇಲ್ಲಿ ಕಾಣುವ ಅಂಕಿಗಳು ಆ ಏಳು ದಿನಗಳ ಒಟ್ಟು ಮೊತ್ತ. ಇಂಪ್ರೆಷನ್ 40,000, ಅದರಿಂದ ಬಂದ ವ್ಯೂಸ್ 1,400, ಸಿಟಿಆರ್ 3.5%. ಈ 3.5 ಒಂದು ಸರಾಸರಿ. ಸರಾಸರಿಯನ್ನು ಒಡೆಯದೆ ನೋಡಿದರೆ ಏನೂ ತಿಳಿಯುವುದಿಲ್ಲ. ಅಡ್ವಾನ್ಸ್‌ಡ್ ಮೋಡ್‌ಗೆ ಹೋಗಿ ಟ್ರಾಫಿಕ್ ಸೋರ್ಸ್ ಆರಿಸಿ. ಈಗ ಬೇರೆ ಬೇರೆ ಸಾಲು ಕಾಣುತ್ತವೆ.

ಬ್ರೌಸ್ ಫೀಚರ್ಸ್ ಅನ್ನುವ ಸಾಲಿನಲ್ಲಿ 30,000 ಇಂಪ್ರೆಷನ್, 3%, ಅಂದರೆ 900 ವ್ಯೂಸ್. ಹೋಮ್ ಪೇಜ್ ಮತ್ತು ಸಬ್‌ಸ್ಕ್ರಿಪ್ಷನ್ ಪಟ್ಟಿ ಈ ಸಾಲಿನಲ್ಲೇ ಸೇರಿರುತ್ತವೆ. ಸಜೆಸ್ಟೆಡ್ ವಿಡಿಯೋಸ್ ಸಾಲಿನಲ್ಲಿ 7,500 ಇಂಪ್ರೆಷನ್, 4%, ಅಂದರೆ 300. ಯೂಟ್ಯೂಬ್ ಸರ್ಚ್ ಸಾಲಿನಲ್ಲಿ 2,500 ಇಂಪ್ರೆಷನ್, 8%, ಅಂದರೆ 200. ಕೂಡಿಸಿದರೆ 1,400.

ಸರ್ಚ್‌ನಲ್ಲಿ 8% ಇರುವುದು ಸಹಜ. ಮಲ್ಲಿಗೆ ಗಿಡ ಸವರುವುದು ಹೇಗೆ ಅಂತ ಅವರೇ ಕೇಳಿಕೊಂಡು ಬಂದಿದ್ದಾರೆ. ಹೋಮ್ ಪೇಜಿನಲ್ಲಿ ಹಾಗಲ್ಲ. ಊಟ ಮಾಡುತ್ತಾ ಏನಾದರೂ ನೋಡೋಣ ಅಂತ ಫೋನ್ ತೆರೆದವರ ಮುಂದೆ ಕ್ರಿಕೆಟ್, ಅಡುಗೆ, ಸುದ್ದಿ, ಅದರ ನಡುವೆ ನಮ್ಮ ಮಲ್ಲಿಗೆ. ನೂರಕ್ಕೆ ಮೂರು ಸಲ ಒತ್ತಿದರೆ ಅದು ಕೆಟ್ಟ ಅಂಕಿ ಅಲ್ಲ.

ಮೊದಲ ದಿನ ಬ್ರೌಸ್‌ನಲ್ಲಿ ಇದ್ದದ್ದು 1,600 ಇಂಪ್ರೆಷನ್, 160 ವ್ಯೂಸ್, ಪೂರಾ 10%. ಯಾಕೆ ಅಂದರೆ ಆಗ ವಿಡಿಯೋ ಹೋಗಿದ್ದು ಹೆಚ್ಚಾಗಿ ನಮ್ಮನ್ನು ಮೊದಲೇ ಬಲ್ಲವರಿಗೆ. ಅದನ್ನು ಕಳೆದರೆ ಉಳಿದ ಆರು ದಿನಗಳಲ್ಲಿ 28,400 ಇಂಪ್ರೆಷನ್, 740 ವ್ಯೂಸ್. ಸುಮಾರು 2.6%. ಇವರು ನಮ್ಮ ಚಾನೆಲ್ಲಿನ ಹೆಸರೇ ಕೇಳದವರು. ಅಂದರೆ ಥಂಬ್‌ನೇಲ್ ಕೆಡಲಿಲ್ಲ, ಅದನ್ನು ನೋಡುವ ಜನ ಬದಲಾದರು. ವಿಡಿಯೋ ಹೊಸಬರ ಮನೆ ಬಾಗಿಲಿಗೆ ಹೋದಾಗ ಸಿಟಿಆರ್ ಇಳಿಯುತ್ತದೆ. ನನಗಂತೂ ಈ ಇಳಿತ ಈಗ ಖುಷಿ ಕೊಡುತ್ತದೆ.

ಯೂಟ್ಯೂಬ್ ತಾನೇ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳ ಸಿಟಿಆರ್ 2ರಿಂದ 10% ನಡುವೆ ಇರುತ್ತದೆ. ಎಷ್ಟು ಅಗಲದ ಅಂತರ ನೋಡಿ. ಅದಕ್ಕೇ ಇನ್ನೊಬ್ಬರ ಚಾನೆಲ್ಲಿನ ಅಂಕಿ ತಂದು ನಿಮ್ಮದರ ಪಕ್ಕ ಇಡಬೇಡಿ. ವಿಡಿಯೋಗೆ ನೂರು ವ್ಯೂಸ್ ಕೂಡ ಆಗಿಲ್ಲದಿದ್ದರೆ ಸಿಟಿಆರ್ ನೋಡಲೇಬೇಡಿ. 40 ಇಂಪ್ರೆಷನ್‌ಗೆ 4 ವ್ಯೂಸ್ ಬಂದರೆ 10%. ಮನೆಯವರು ಇಬ್ಬರು ನೋಡದಿದ್ದರೆ ಅದೇ 5% ಆಗುತ್ತಿತ್ತು.

[ತೆರೆಯ ಮೇಲೆ: ಎರಡು ವಿಡಿಯೋಗಳ ಸರ್ಚ್ ಸಾಲು ಅಕ್ಕಪಕ್ಕ]

ಹಾಗಾದರೆ ಥಂಬ್‌ನೇಲ್ ನಿಜವಾಗಿ ಸೋತಿದೆ ಅಂತ ಗೊತ್ತಾಗುವುದು ಹೇಗೆ? ನಾನು ಮಾಡುವುದು ಹೀಗೆ. ನನ್ನದೇ ಎರಡು ವಿಡಿಯೋ ತೆಗೆದುಕೊಳ್ಳುತ್ತೇನೆ. ಎರಡಕ್ಕೂ ಮೊದಲ ಏಳು ದಿನ ಮಾತ್ರ. ಎರಡರಲ್ಲೂ ಒಂದೇ ಸಾಲು, ಉದಾಹರಣೆಗೆ ಸರ್ಚ್. ಗುಲಾಬಿ ಗಿಡದ ವಿಡಿಯೋಗೆ ಸರ್ಚ್‌ನಲ್ಲಿ 8%, ದಾಸವಾಳದ ವಿಡಿಯೋಗೆ 2.5% ಇದ್ದರೆ ಆಗ ಯೋಚಿಸಬೇಕು. ಹುಡುಕಿಕೊಂಡು ಬಂದವರೂ ನಮ್ಮದನ್ನು ಬಿಟ್ಟು ಪಕ್ಕದ್ದನ್ನು ಒತ್ತುತ್ತಿದ್ದಾರೆ ಅಂತ ಅರ್ಥ. ಆಗ ಶೀರ್ಷಿಕೆ, ಥಂಬ್‌ನೇಲ್ ಎರಡನ್ನೂ ಫೋನಿನಲ್ಲೇ ತೆರೆದು ನೋಡಿ. ಕಂಪ್ಯೂಟರಿನಲ್ಲಿ ಚಂದ ಕಂಡ ಕನ್ನಡ ಅಕ್ಷರ ಫೋನಿನಲ್ಲಿ ಒತ್ತಕ್ಷರ ಸೇರಿ ಕಲೆಸಿಹೋಗಿರುತ್ತದೆ. ಎರಡೋ ಮೂರೋ ಪದ, ಅದೂ ಒತ್ತಕ್ಷರ ಕಡಿಮೆ ಇರುವ ಪದ ಆದರೆ ಓದಲು ಸಿಗುತ್ತದೆ.

ಆಲಿಕೆಯಲ್ಲಿ ಇನ್ನೊಂದು ಅಂಕಿ ಇದೆ, ಹೀಗೆ ಬಂದವರು ಸರಾಸರಿ ಎಷ್ಟು ಹೊತ್ತು ನೋಡಿದರು ಅಂತ. ಸಿಟಿಆರ್ ಏರಿ ಈ ಹೊತ್ತು ಕುಸಿದಿದ್ದರೆ ಥಂಬ್‌ನೇಲ್ ಏನೋ ಹೇಳಿತು, ವಿಡಿಯೋದಲ್ಲಿ ಅದು ಇರಲಿಲ್ಲ. ಯೂಟ್ಯೂಬಿನ ಟೆಸ್ಟ್ ಅಂಡ್ ಕಂಪೇರ್ ಸೌಲಭ್ಯದಲ್ಲಿ ಮೂರು ಥಂಬ್‌ನೇಲ್ ತನಕ ಹಾಕಿ ಪರೀಕ್ಷಿಸಬಹುದು. ಅಲ್ಲಿ ಗೆಲ್ಲುವುದು ಜಾಸ್ತಿ ಕ್ಲಿಕ್ ಬಂದದ್ದಲ್ಲ, ಜಾಸ್ತಿ ವಾಚ್ ಟೈಮ್ ತಂದದ್ದು. ಅದು ಸರಿಯೇ ಅಂತ ನನ್ನ ಅಭಿಪ್ರಾಯ.

ಮೊದಲ ದಿನದ ಅಂಕಿ ನೋಡುವವರು ಒಂದು ವಿಷಯ ಗಮನಿಸಿ. ಅನಲಿಟಿಕ್ಸ್‌ನಲ್ಲಿ ದಿನ ಬದಲಾಗುವುದು ನಮ್ಮ ಮಧ್ಯರಾತ್ರಿಗೆ ಅಲ್ಲ, ಅಮೆರಿಕದ ಪೆಸಿಫಿಕ್ ಸಮಯಕ್ಕೆ. ನಮ್ಮ ಗಡಿಯಾರದಲ್ಲಿ ಅದು ಮಧ್ಯಾಹ್ನ 12.30, ಅವರ ಚಳಿಗಾಲದಲ್ಲಿ 1.30. ನೀವು ಬೆಳಿಗ್ಗೆ 11ಕ್ಕೆ ವಿಡಿಯೋ ಹಾಕಿದರೆ ಪಟ್ಟಿಯ ಮೊದಲ ದಿನದಲ್ಲಿ ಒಂದೂವರೆ, ಎರಡೂವರೆ ಗಂಟೆಯ ಲೆಕ್ಕ ಮಾತ್ರ ಇರುತ್ತದೆ, ದಿನಾಂಕವೂ ಹಿಂದಿನ ದಿನದ್ದು. ಇಂಪ್ರೆಷನ್ ಅಂಕಿ ಬಂದು ಸೇರಲು ಒಂದೆರಡು ದಿನ ತಡವೂ ಆಗುತ್ತದೆ. ಹಾಗಾಗಿ ಅದೇ ದಿನ ಸಂಜೆ ಏನನ್ನೂ ತೀರ್ಮಾನಿಸಬೇಡಿ.

[ತೆರೆಯ ಮೇಲೆ: ಶಾರ್ಟ್ಸ್ ಫೀಡ್]

ಶಾರ್ಟ್ಸ್ ಹಾಕುವವರಿಗೆ ಎರಡು ಮಾತು. ಶಾರ್ಟ್ಸ್ ಫೀಡ್‌ನಲ್ಲಿ ಥಂಬ್‌ನೇಲ್ ಒತ್ತುವ ಕೆಲಸವೇ ಇಲ್ಲ, ಬೆರಳು ಸರಿಸಿದರೆ ವಿಡಿಯೋ ತಾನೇ ಓಡುತ್ತದೆ. ಅದಕ್ಕೆ ಅಲ್ಲಿ ಸಿಟಿಆರ್ ನೋಡಿ ಪ್ರಯೋಜನವಿಲ್ಲ. ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ಸರಿಸಿ ಹೋದರು ಅನ್ನುವ ಅಂಕಿ ಬೇರೆ ಇದೆ, ಅದನ್ನು ನೋಡಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದ ಪ್ರತಿ ಸಲವೂ ಒಂದು ವ್ಯೂ. ಮುಂಚಿನ ರೀತಿಯ ಎಣಿಕೆ ಈಗ ಎಂಗೇಜ್ಡ್ ವ್ಯೂಸ್ ಅನ್ನುವ ಹೆಸರಿನಲ್ಲಿದೆ. ನಿಮ್ಮ ಚಾನೆಲ್ಲಿನಲ್ಲಿ ಎರಡೂ ಬಗೆಯ ವಿಡಿಯೋ ಇದ್ದರೆ, ಒಟ್ಟು ವ್ಯೂಸ್ ನೋಡುವ ಮುಂಚೆ ಕಂಟೆಂಟ್ ಟ್ಯಾಬಿನಲ್ಲಿ ವಿಡಿಯೋಸ್ ಒಂದನ್ನೇ ಆರಿಸಿಕೊಳ್ಳಿ. ಶಾರ್ಟ್ಸ್ ಸೇರದ ವ್ಯೂಸ್ ಅಲ್ಲಿ ಸಿಗುತ್ತದೆ.