ಪಿಲ್ಲರ್ ಕಂಬಿಯ ಉದ್ದ ಮಹಡಿಯ ಎತ್ತರ ಅಲ್ಲ

ಕೇಳುಗರಿಗೆ ನಮಸ್ಕಾರ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟವರು, ಅವರ ಮೇಸ್ತ್ರಿಗಳು, ಈಗಷ್ಟೇ ಸೈಟಿಗೆ ಕಾಲಿಟ್ಟ ಡಿಪ್ಲೊಮಾ ಹುಡುಗರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ. ಲೆಕ್ಕ ಐದನೇ ಕ್ಲಾಸಿನದು, ಭಯ ಬೇಡ.

ನನ್ನನ್ನು ಎಲ್ಲರೂ ಕೇಳುವುದು ಒಂದೇ. "ಸಾರ್, ಚದರ ಅಡಿಗೆ ಎಷ್ಟು ಕೆಜಿ ಕಬ್ಬಿಣ ಬೇಕು?" ನನಗೆ ಈ ಪ್ರಶ್ನೆ ಕೇಳಿದರೇ ಸ್ವಲ್ಪ ಸಿಟ್ಟು ಬರುತ್ತದೆ. ಡ್ರಾಯಿಂಗ್ ಕೈಯಲ್ಲಿ ಇರುವಾಗ ಅಂದಾಜು ಯಾಕೆ? ಪಿಲ್ಲರಿನ ಸೈಜ್ ಅದರಲ್ಲಿದೆ, ಕಂಬಿ ಎಷ್ಟು ಅಂತ ಇದೆ, ಮಹಡಿಯ ಎತ್ತರ ಇದೆ. ಗುಣಿಸಿದರೆ ಆಯಿತು. ಆದರೆ ಗುಣಿಸುವಾಗ ಒಂದು ಮಾತು ನೆನಪಿರಲಿ: ಕಾಂಕ್ರೀಟಿಗೆ ಒಂದು ಎತ್ತರ, ಕಂಬಿಗೆ ಇನ್ನೊಂದು ಉದ್ದ. ಎರಡೂ ಒಂದೇ ಅಲ್ಲ.

ನೆಲ ಅಂತಸ್ತು, ಅದರ ಮೇಲೆ ಎರಡು ಮಹಡಿ ಇರುವ ಮನೆ ಅಂದುಕೊಳ್ಳಿ. ಒಟ್ಟು ಮೂರು ಅಂತಸ್ತು. ನೆಲದಿಂದ ಮೇಲಿನ ನೆಲಕ್ಕೆ 3 ಮೀಟರ್, ಅಂದರೆ ಹತ್ತಿರ ಹತ್ತಿರ ಹತ್ತು ಅಡಿ. ಪಿಲ್ಲರ್ ಒಂಬತ್ತು ಇಂಚು, ಹದಿನೆಂಟು ಇಂಚು. ಡ್ರಾಯಿಂಗಿನಲ್ಲಿ 230, 450 ಅಂತ ಬರೆದಿರುತ್ತಾರೆ. ಒಳಗೆ 16 ಎಂಎಂ ಕಂಬಿ 8. ಇಂಥ ಪಿಲ್ಲರ್ 12.

ಮೊದಲು ಒಂದು ಮೀಟರ್ ಕಂಬಿಯ ತೂಕ. ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. 16ನ್ನು 16ರಿಂದ ಗುಣಿಸಿದರೆ 256. ಅದನ್ನು 162ರಿಂದ ಭಾಗಿಸಿದರೆ 1.58. ಮೀಟರಿಗೆ 1.58 ಕೆಜಿ. ಬಾರ್ ಬೆಂಡರ್‌ಗಳಿಗೆ ಇದು ಬಾಯಿಪಾಠ. ತಪ್ಪು ಇಲ್ಲಿ ಆಗುವುದಿಲ್ಲ, ಉದ್ದದಲ್ಲಿ ಆಗುತ್ತದೆ.

ತುಮಕೂರಿನಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು ಇದೇ ಅಳತೆಯ ಮನೆ ಕಟ್ಟಿಸುತ್ತಿದ್ದರು. ಲೆಕ್ಕದಲ್ಲಿ ಪಕ್ಕಾ ಮನುಷ್ಯ. ಮೂರು ಅಂತಸ್ತು ಅಂದರೆ 9 ಮೀಟರ್, 8 ಕಂಬಿಗೆ 72 ಮೀಟರ್, ಒಂದು ಪಿಲ್ಲರಿಗೆ 114 ಕೆಜಿ, 12 ಪಿಲ್ಲರಿಗೆ ಹೆಚ್ಚು ಕಡಿಮೆ 1.4 ಟನ್. ಅಷ್ಟೇ ತರಿಸಿದರು. ಮೊದಲನೇ ಮಹಡಿಯ ಪಿಲ್ಲರ್ ಎಬ್ಬಿಸುವ ಹೊತ್ತಿಗೆ 16 ಎಂಎಂ ಖಾಲಿ! ಇನ್ನೂ ಒಂದು ಮಹಡಿ ಪೂರ್ತಿ ಬಾಕಿ ಇದೆ. ಅವರಿಗೆ ಅನುಮಾನ ಬಂದದ್ದು ಬಾರ್ ಬೆಂಡರ್ ಮೇಲೆ. ರಾತ್ರಿ ಸಾಗಿಸಿದ್ದಾನೆ ಅಂತ ಮನೆಮಂದಿಯೆಲ್ಲ ಮಾತಾಡಿಕೊಂಡರು. ಪೊಲೀಸ್ ಠಾಣೆಗೆ ಹೋಗುವ ಮೊದಲು ಯಾರೋ ನನಗೆ ಫೋನ್ ಮಾಡಿಸಿದರು.

ನಾನು ಹೋದಾಗ ಬಾರ್ ಬೆಂಡರ್ ಮುಖ ಊದಿಸಿಕೊಂಡು ಮರಳಿನ ಗುಡ್ಡೆ ಮೇಲೆ ಕೂತಿದ್ದ. "ನಾನು ತಿಂದುಬಿಟ್ಟೆ ಅಂತಾರೆ ಸಾರ್, ಕಬ್ಬಿಣ ತಿನ್ನೋಕಾಗುತ್ತಾ?" ಅಂದ. ನಾನು ಯಜಮಾನರನ್ನೇ ಕರೆದು ಕೈಗೆ ಟೇಪ್ ಕೊಟ್ಟೆ. "ನೀವೇ ಅಳೆಯಿರಿ, ಬುಡದಿಂದ."

ಬುಡ ಅಂದರೆ ಎಲ್ಲಿ? ಅವರು ನೆಲ ತೋರಿಸಿದರು. ನಾನು ನೆಲದ ಕೆಳಗೆ ತೋರಿಸಿದೆ. ಪಿಲ್ಲರ್ ಹುಟ್ಟುವುದು ಪಾಯದ ತಳದ ಕಾಂಕ್ರೀಟ್ ಹಾಸಿನಲ್ಲಿ, ಅಂದರೆ ಫುಟಿಂಗಿನಲ್ಲಿ ಅಲ್ವಾ? ಅವರ ಪಾಯ 1.5 ಮೀಟರ್ ಆಳ, ಪ್ಲಿಂತ್, ಅಂದರೆ ಮನೆಯೊಳಗಿನ ನೆಲದ ಮಟ್ಟ, ಹೊರಗಿನ ನೆಲದಿಂದ ಎರಡು ಅಡಿ ಮೇಲೆ. ಫುಟಿಂಗಿನ ದಪ್ಪ ಕಳೆದರೂ ಫುಟಿಂಗ್ ತಲೆಯಿಂದ ಪ್ಲಿಂತ್‌ವರೆಗೆ 1.65 ಮೀಟರ್. ಕಂಬಿ ಫುಟಿಂಗಿನ ಒಳಗೂ ಇಳಿದು ಅಲ್ಲಿ ಹಾಸಿದ ಕಂಬಿ ಜಾಲರಿ, ಅಂದರೆ ಮ್ಯಾಟ್ ಮೇಲೆ ಕಾಲು ಮಡಚಿ ಕೂರಬೇಕು. ಇಳಿಯುವುದಕ್ಕೆ 40 ಸೆಂಟಿಮೀಟರ್, ಮಡಿಕೆಗೆ 30. ಒಂದು ಮಹಡಿಯೂ ಏಳುವ ಮೊದಲೇ ಪ್ರತಿ ಕಂಬಿಯಲ್ಲೂ 2.35 ಮೀಟರ್ ಪ್ಲಿಂತ್ ಕೆಳಗೇ ಹೋಗಿದೆ.

ಆಮೇಲೆ ಲ್ಯಾಪ್. ಕಂಬಿ 12 ಮೀಟರಿನದು ಬಂದರೂ ಅಷ್ಟುದ್ದ ಆಕಾಶಕ್ಕೆ ನಿಲ್ಲಿಸಿ ಕೆಲಸ ಮಾಡಲು ಆಗುವುದಿಲ್ಲ. ಪ್ರತಿ ಅಂತಸ್ತಿನಲ್ಲೂ ಹಳೆ ಕಂಬಿಯ ಪಕ್ಕಕ್ಕೆ ಹೊಸದನ್ನು ಕಟ್ಟುತ್ತಾರೆ. ಎಷ್ಟುದ್ದ ಜೊತೆಗಿರಬೇಕು? ಎಂ25 ಕಾಂಕ್ರೀಟು, ಫೆ500 ಕಂಬಿ ಇದ್ದರೆ ದಪ್ಪದ 50 ಪಟ್ಟು ಇಟ್ಟುಕೊಳ್ಳಿ. 16 ಎಂಎಂಗೆ 80 ಸೆಂಟಿಮೀಟರ್, ಸುಮಾರು ಎರಡು ಅಡಿ ಎಂಟು ಇಂಚು. ಮೂರು ಅಂತಸ್ತಿಗೆ ಮೂರು ಲ್ಯಾಪ್, 2.4 ಮೀಟರ್. ಕೊನೆಗೆ ಟೆರೇಸ್ ಬೀಮಿನೊಳಗೆ ಮಡಚುವುದಕ್ಕೆ 45 ಸೆಂಟಿಮೀಟರ್.

ಕೂಡಿ ನೋಡಿ. ಕೆಳಗೆ 2.35, ಮಹಡಿಗಳು 9, ಲ್ಯಾಪ್ 2.4, ಮೇಲಿನ ಮಡಿಕೆ 0.45. ಒಟ್ಟು 14.2 ಮೀಟರ್. 9 ಮೀಟರ್ ಮನೆಗೆ 14 ಮೀಟರ್ ಕಂಬಿ! ಒಂದು ಪಿಲ್ಲರಿಗೆ 114 ಅಲ್ಲ, ಸುಮಾರು 180 ಕೆಜಿ. 12 ಪಿಲ್ಲರಿಗೆ 790 ಕೆಜಿ ವ್ಯತ್ಯಾಸ. ಕಬ್ಬಿಣ ಎಲ್ಲಿಗೂ ಹೋಗಿರಲಿಲ್ಲ. ಯಜಮಾನರು ಟೇಪ್ ಸುತ್ತುತ್ತಾ ಬಾರ್ ಬೆಂಡರ್ ಕಡೆ ನೋಡಿ "ಟೀ ಕುಡಿಯೋಣ ಬಾರಪ್ಪಾ" ಅಂದರು. ಅವನು ಎದ್ದು ಬಂದ, ಆದರೆ ಆ ದಿನ ಪೂರ್ತಿ ಅವರ ಜೊತೆ ಮಾತಾಡಲಿಲ್ಲ.

ಈ ಕಥೆ ಇಷ್ಟು ಹೇಳಲು ಕಾರಣ ಇದೆ. ಕಂಬಿ ಸಾಲದೆ ಬಂದಾಗ ಹಲವರು ಮೊದಲು ಕೈ ಹಾಕುವುದು ಲ್ಯಾಪ್‌ಗೇ. ಎರಡು ಅಡಿ ಎಂಟು ಇಂಚು ಇರಬೇಕಾದ ಕಡೆ ಒಂದೂವರೆ ಅಡಿ. ಸೆಂಟ್ರಿಂಗ್ ಹಲಗೆ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಹಲಗೆ ಕಟ್ಟುವ ಮೊದಲು ಟೇಪ್ ಹಿಡಿದು ಲ್ಯಾಪ್ ಅಳೆಯಿರಿ. ಅದು ಪಿಲ್ಲರಿನ ನಡು ಭಾಗದಲ್ಲಿ ಇರಲಿ, ಸ್ಲ್ಯಾಬಿಗೆ ತಾಗಿಕೊಂಡು ಬೇಡ. ಎಂಟೂ ಕಂಬಿಯ ಲ್ಯಾಪ್ ಒಂದೇ ಎತ್ತರದಲ್ಲಿ ಬರಬಾರದು, ಅರ್ಧ ಕೆಳಗೆ, ಅರ್ಧ ಮೇಲೆ. ಆರ್ಡರ್ ಕೊಡುವಾಗ ಇನ್ನೊಂದು ವಿಷಯ. ಮಧ್ಯದ ಮಹಡಿಗೆ ಬೇಕಾದ ತುಂಡು 3.8 ಮೀಟರ್. 12 ಮೀಟರ್ ಕಂಬಿಯಲ್ಲಿ ಮೂರು ಬರುತ್ತವೆ, 60 ಸೆಂಟಿಮೀಟರ್ ಉಳಿಯುತ್ತದೆ. ಆ ಉಳಿಕೆಯನ್ನೂ ದುಡ್ಡು ಕೊಟ್ಟೇ ತಂದಿರುತ್ತೀರಿ.

ಸಮಯ ಮುಗಿಯುತ್ತಾ ಬಂತು, ಕಾಂಕ್ರೀಟಿನ ಲೆಕ್ಕ ಬೇಗ ಹೇಳುತ್ತೇನೆ. ಅದು ಸುಲಭ. 0.23ನ್ನು 0.45ರಿಂದ ಗುಣಿಸಿದರೆ 0.1035. ಇದನ್ನು ಎತ್ತರದಿಂದ ಗುಣಿಸಿ. ಆದರೆ ಎಷ್ಟು ಎತ್ತರ? ಪಿಲ್ಲರನ್ನು ಬೀಮಿನ ತಳದವರೆಗೆ ಮಾತ್ರ ತುಂಬುತ್ತಾರೆ, ಅಲ್ಲಿಂದ ಮೇಲಿನದು ಬೀಮು, ಸ್ಲ್ಯಾಬ್ ಜೊತೆ ಬೀಳುತ್ತದೆ. ಬೀಮು 45 ಸೆಂಟಿಮೀಟರ್ ಆದರೆ ಉಳಿದದ್ದು 2.55. ಹನ್ನೆರಡು ಪಿಲ್ಲರಿಗೆ ಅಂತಸ್ತಿಗೆ 3.17 ಘನ ಮೀಟರ್. ಪೂರ್ತಿ 3 ಮೀಟರ್ ಹಿಡಿದರೆ 3.73. ಆ ಸಂಧಿಯನ್ನು ಬೀಮಿನಲ್ಲೂ ಸೇರಿಸಿ, ಪಿಲ್ಲರಿನಲ್ಲೂ ಸೇರಿಸಿದ ಬಿಲ್ ನಿಮಗೆ ಬಂದರೆ ಅಂತಸ್ತಿಗೆ ಅರ್ಧ ಘನ ಮೀಟರಿಗಿಂತ ಜಾಸ್ತಿ ಎರಡು ಸಲ ದುಡ್ಡು ಕೊಟ್ಟಂತೆ. ಕಾಂಕ್ರೀಟಿಗೆ ಎತ್ತರ ಕಳೆಯಿರಿ, ಕಂಬಿಗೆ ಉದ್ದ ಕೂಡಿ.

ಮೇಲಿನ ಮಹಡಿಯಲ್ಲಿ ಪಿಲ್ಲರ್ ಸಣ್ಣದಾದರೆ, ಕಂಬಿ 12 ಎಂಎಂಗೆ ಇಳಿದರೆ, ಆ ಮಹಡಿಗೆ ಬೇರೆ ಸಾಲಿನಲ್ಲಿ ಬರೆಯಿರಿ. 12 ಎಂಎಂ ಮೀಟರಿಗೆ 0.89 ಕೆಜಿ. ರಿಂಗುಗಳ ತೂಕ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆಯೇ ಇದೆ. ಡ್ರಾಯಿಂಗಿನಲ್ಲಿ ಲ್ಯಾಪ್ ಎಷ್ಟು ಅಂತ ಬರೆದಿಲ್ಲದಿದ್ದರೆ ಕಂಬಿ ತರಿಸುವ ಮೊದಲೇ ಎಂಜಿನಿಯರ್ ಕೈಯಲ್ಲಿ ಬರೆಸಿಕೊಳ್ಳಿ. ನಮಸ್ಕಾರ.