ಹಾಳೆಯಲ್ಲಿ ಬರೆದ ಟಿಲ್ತ್, ಹೊಲದಲ್ಲಿ ಕಾಣುವ ಹದ

ಎಲ್ಲರಿಗೂ ನಮಸ್ಕಾರ್ರೀ. ಮಣ್ಣು ಸರ್ವೆ ಮಾಡಿದವರು ಹೊಲದ ವಿವರ ಬರೆಯುವಾಗ ಕೆಲವೊಮ್ಮೆ ಟಿಲ್ತ್ ಅನ್ನುವ ಮಾತು ಬಳಸುತ್ತಾರೆ, ಅಂದರೆ ಮಣ್ಣಿನ ಹದ. ಅದರ ಮುಂದೆ ಒಳ್ಳೆಯದು, ಸಾಧಾರಣ, ಕಳಪೆ ಅಂತ ಒಂದೇ ಪದ ಇರುತ್ತದೆ. ಆ ಪದ ನೋಡಿ ನಮ್ಮ ರೈತರು ಏನೇನು ತಿಳಿದುಕೊಳ್ಳುತ್ತಾರೆ, ಅದರಿಂದ ಏನಾಗುತ್ತದೆ ಅನ್ನೋದನ್ನು ಇವತ್ತು ಮಾತಾಡೋಣ.

ಜೇವರ್ಗಿ ಕಡೆಯ ಒಬ್ಬ ರೈತರ ಹಾಳೆಯಲ್ಲಿ ಕಳಪೆ ಅಂತ ಇತ್ತು. ಎರೆ ಹೊಲ, ತೊಗರಿ ಬೆಳೆಯುವವರು. "ಏನ್ರೀ ಇದು, ನಮ್ಮ ಹೊಲದಾಗ ಕಸುವು ಇಲ್ಲಂತ ಬರದಾರ?" ಅಂತ ಕೇಳಿದರು. ಕಸುವಿನ ಮಾತೇ ಅಲ್ಲ ಅದು ಕಾಕಾ, ಅಂದೆ. ಕಸುವು ನೋಡಬೇಕಂದರೆ ಮಣ್ಣು ಆರೋಗ್ಯ ಕಾರ್ಡ್ ಇದೆ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು ಹೀಗೆ ಒಟ್ಟು 12 ಅಂಶ ಬರುತ್ತವೆ. ಟಿಲ್ತ್ ಆ ಹನ್ನೆರಡರಲ್ಲಿ ಇಲ್ಲ. ಪ್ರಯೋಗಾಲಯಕ್ಕೆ ಹೋಗುವ ಮಣ್ಣನ್ನು ಕುಟ್ಟಿ, ಜರಡಿ ಹಿಡಿಯುತ್ತಾರೆ, ಅಲ್ಲಿಗೆ ಹದ ಅನ್ನೋದು ಮುಗಿದೇ ಹೋಯಿತಲ್ವಾ? ಅದನ್ನು ಹೊಲದಲ್ಲೇ ನಿಂತು ನೋಡಬೇಕು. ಉಳುಮೆಗೆ ಮಣ್ಣು ಹೇಗೆ ಒಡೆಯುತ್ತದೆ, ಬೀಜದ ಸುತ್ತ ಹೇಗೆ ಕೂಡುತ್ತದೆ, ಮೊಳಕೆ ಮೇಲೆ ಬರಲು ಬಿಡುತ್ತದೋ ಇಲ್ಲವೋ, ಬೇರು ಕೆಳಗೆ ಇಳಿಯಲು ದಾರಿ ಇದೆಯೋ ಇಲ್ಲವೋ, ಇಷ್ಟೂ ಸೇರಿ ಆ ಒಂದು ಪದ.

ಎರೆ ಮಣ್ಣಿಗೆ ಕಳಪೆ ಅಂತ ಯಾಕೆ ಬೀಳುತ್ತದೆ? ಅದರಲ್ಲಿ ಜಿಗಟು ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಮಳೆ ಬಿದ್ದ ಮರುದಿನ ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ವಾರ ಬಿಟ್ಟು ಹೋದರೆ ಹೆಂಟೆ ಒಡೆಯಲು ಕೊಡಲಿ ಬೇಕು. ಇವೆರಡರ ನಡುವೆ ಕೆಲವೇ ದಿನ ಅದು ಹದಕ್ಕೆ ಇರುತ್ತದೆ. ಬೀದರ್ ಕಡೆಯ ಕೆಂಪು ಮಣ್ಣಿಗೆ ಈ ಕಷ್ಟ ಇಲ್ಲ, ಮಳೆ ನಿಂತ ಮೇಲೆ ಬೇಗನೇ ಕುಂಟೆ ಹಾಕಬಹುದು. ಹಾಗಾಗಿ ಆ ಪದವನ್ನು ದಿನಗಳ ಲೆಕ್ಕದಲ್ಲಿ ಓದಿ. ಎರೆ ಹೊಲಕ್ಕೆ ಕಳಪೆ ಅಂತ ಬರೆದಿದ್ದರೆ, ಬಹಳ ಸಲ ಅದರ ಅರ್ಥ, ಈ ಹೊಲದಲ್ಲಿ ಕೆಲಸ ಮಾಡಲು ಸಿಗುವ ದಿನ ಕಡಿಮೆ ಅಂತ. ಹೊಲ ನೋಡಿದ ದಿನ ಹಸಿ ಎಷ್ಟಿತ್ತು ಅಂತ ಹಾಳೆಯಲ್ಲಿ ಬರೆದಿದ್ದರೆ ಅದನ್ನೂ ಓದಿ, ಯಾಕಂದರೆ ಅದೇ ಹೊಲವನ್ನು ಬೇರೆ ದಿನ ನೋಡಿದ್ದರೆ ಬೇರೆ ಪದ ಬರುತ್ತಿತ್ತೋ ಏನೋ.

ಜೇವರ್ಗಿ ರೈತರು ಮೊದಲು ಕಸುವು ಅಂದುಕೊಂಡಿದ್ದರು. ಆಮೇಲೆ ಯಾರೋ ಅವರಿಗೆ, ಹೊಲ ಇನ್ನೂ ನುಣ್ಣಗಾಗಬೇಕು ಅಂತ ಹೇಳಿದರಂತೆ. ನನ್ನ ಕೇಳಿದರೆ ಇದು ಮೊದಲಿನದಕ್ಕಿಂತ ದುಬಾರಿ ತಪ್ಪು ತಿಳಿವಳಿಕೆ. ಮಿರಗ ಮಳೆ ಆಯಿತು, ಮೇಲಿನ ಮಣ್ಣು ಆರಿದಂತೆ ಕಂಡಿತು, ಬಾಡಿಗೆ ಟ್ರ್ಯಾಕ್ಟರ್ ಸಿಕ್ಕಿತು. ರೋಟಾವೇಟರ್ ಎರಡೆರಡು ಸಲ ಓಡಿಸಿ ಮಣ್ಣನ್ನು ಹಿಟ್ಟು ಮಾಡಿ ತೊಗರಿ ಬಿತ್ತಿದರು. ನೋಡಲು ಬಲು ಚಂದ ಇತ್ತು ಅಂತ ಅವರೇ ಹೇಳಿದರು. ಮೊಳಕೆ ಏಳುವ ಮೊದಲೇ ಜೋರು ಮಳೆ ಬಿತ್ತು. ನುಣ್ಣನೆಯ ಮಣ್ಣು ಸಂದುಗೊಂದು ಎಲ್ಲ ಮುಚ್ಚಿಕೊಂಡು ಕೂತಿತು, ಬಿಸಿಲಿಗೆ ಮೇಲೆ ಹೆಪ್ಪುಗಟ್ಟಿತು, ಮೊಳಕೆ ಒಳಗೇ ಬಾಗಿ ಉಳಿಯಿತು. ಸಾಲಿನಲ್ಲಿ ಅಲ್ಲಲ್ಲಿ ಬೋಳು ಬಿತ್ತು.

ಗುದ್ದಲಿ ತಂದು ಒಂದು ಮೊಳ ಆಳ ಅಗೆದು ನೋಡಿದೆವು. ಮೇಲೆ ತೆಳುವಾದ ಗಟ್ಟಿ ಪದರ. ಅದರ ಕೆಳಗೆ ಸಡಿಲು. ರೋಟಾವೇಟರಿನ ಅಲಗು ತಲುಪಿದ ಆಳಕ್ಕೆ ಸರಿಯಾಗಿ ಹೊಳೆಯುವ, ಒತ್ತಿ ಸವರಿದಂಥ ಇನ್ನೊಂದು ಪದರ. ಬದುಕಿದ್ದ ತೊಗರಿ ಸಸಿಯ ತಾಯಿ ಬೇರು ನೇರ ಇಳಿದು ಬಂದು ಅಲ್ಲಿ ಅಡ್ಡಕ್ಕೆ ತಿರುಗಿತ್ತು. ಮೇಲೆ ಆರಿದ್ದರೂ ಆ ಆಳದಲ್ಲಿ ಉತ್ತ ದಿನ ಮಣ್ಣು ಇನ್ನೂ ಹಸಿ ಇತ್ತು ಅನ್ನೋದಕ್ಕೆ ಆ ಹೊಳಪೇ ಸಾಕ್ಷಿ. ಹಸಿ ಎರೆ ಮಣ್ಣನ್ನು ಕಬ್ಬಿಣದಿಂದ ತೀಡಿದರೆ ಇಟ್ಟಂಗಿ ಮಾಡಲು ತುಳಿದ ಮಣ್ಣಿನ ಹಾಗೆ ಆಗುತ್ತದೆ, ಗಾಳಿ ನೀರು ಎರಡಕ್ಕೂ ದಾರಿ ಇರೋದಿಲ್ಲ. ಪಕ್ಕದ ಹೊಲದವರದ್ದೂ ಅದೇ ಮಣ್ಣೇ. ಅವರು ಇನ್ನೂ ಮೂರ್ನಾಲ್ಕು ದಿನ ತಡೆದು, ಎತ್ತಿನ ಕುಂಟೆಯಿಂದ ಹರಗಿ, ಕೂರಿಗೆಯಲ್ಲಿ ಬಿತ್ತಿದ್ದರು. ಅವರ ಹೊಲದಲ್ಲಿ ಜೋಳದ ಕಾಳು, ಕಡಲೆ ಕಾಳಿನಷ್ಟು ಗಾತ್ರದ ಹರಳು ಮಣ್ಣು, ನಡುವೆ ಒಂದಿಷ್ಟು ಸಣ್ಣ ಹೆಂಟೆ. ನೋಡಲು ಅಷ್ಟೇನೂ ಚಂದ ಇರಲಿಲ್ಲ, ಸಾಲು ಮಾತ್ರ ತುಂಬಿತ್ತು.

ಮಣ್ಣು ಉಳಲು ತಯಾರಾಗಿದೆಯೋ ಇಲ್ಲವೋ ನೋಡಲು ಮೇಲಿನ ಮಣ್ಣನ್ನು ಮುಟ್ಟಬೇಡಿ. ನಿಮ್ಮ ನೇಗಿಲೋ ಕುಂಟೆಯೋ ಎಷ್ಟು ಆಳ ಹೋಗುತ್ತದೋ ಅಲ್ಲಿಂದ ಒಂದು ಹಿಡಿ ತೆಗೆಯಿರಿ. ಅಂಗೈಯಲ್ಲಿ ಇಟ್ಟು ದಾರದಂತೆ ಹೊಸೆಯಿರಿ, ಸುಮಾರು 3 ಮಿಲಿಮೀಟರ್ ದಪ್ಪಕ್ಕೆ. ಮುರಿಯದೆ ಇನ್ನೂ ತೆಳ್ಳಗೆ ಆಗುತ್ತಾ ಹೋದರೆ ಟ್ರ್ಯಾಕ್ಟರ್ ಮನೆಗೆ ಕಳಿಸಿ. ಆ ದಪ್ಪಕ್ಕೆ ಬರುವ ಹೊತ್ತಿಗೆ ತುಂಡು ತುಂಡಾಗಿ ಉದುರಿದರೆ ಅದೇ ಹದ. ಹೊಸೆಯಲು ಬರುವುದೇ ಇಲ್ಲ, ಬೆರಳಿಂದ ಒತ್ತಿದರೂ ಒಡೆಯಲ್ಲ ಅಂದರೆ ತಡವಾಗಿದೆ, ಬರೀ ಹೆಂಟೆ ಏಳುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಬಟಾಣಿಯಷ್ಟು ಒಣ ಮಣ್ಣಿನ ಉಂಡೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ, ಅಲುಗಿಸಬೇಡಿ. ಮಳೆ ನೀರೋ ಫಿಲ್ಟರ್ ನೀರೋ ಇರಲಿ, ಬೋರಿನ ಉಪ್ಪು ನೀರು ಸುಳ್ಳು ಹೇಳುತ್ತದೆ. ಉಂಡೆ ಸಣ್ಣ ಚೂರುಗಳಾಗಿ ಕುಸಿದು, ನೀರು ತಿಳಿಯಾಗಿಯೇ ಇದ್ದರೆ ಹೆದರಬೇಡಿ. ಎರೆ ಮಣ್ಣಿಗೆ ಅದು ಸಹಜ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲದ ಮೇಲೆ ಹರಳು ಹರಳಾಗಿ ಮಣ್ಣು ಉದುರಿರುತ್ತದಲ್ಲ, ಅದೂ ಇದೇ ಗುಣದಿಂದ. ಉಂಡೆಯ ಸುತ್ತ ಹಾಲಿನಂಥ ಮಸುಕು ಎದ್ದು, ಗಂಟೆ ಎರಡು ಗಂಟೆ ಆದರೂ ಹಾಗೇ ಉಳಿದರೆ ಮಾತ್ರ ಅನುಮಾನ ಪಡಬೇಕು. ಅಲ್ಲಿ ಸೋಡಿಯಂ ಇರಬಹುದು. ಯಾದಗಿರಿ ಕಡೆ ಕಾಲುವೆ ನೀರು ನಿಲ್ಲುವ ತಗ್ಗು ಹೊಲಗಳವರು ಇದನ್ನು ಮಾಡಿ ನೋಡಿ. ಅಂಥ ಮಣ್ಣಿಗೆ ಎಷ್ಟು ಉತ್ತರೂ ಹದ ನಿಲ್ಲಲ್ಲ. ರಸಸಾರ ಮತ್ತು ಸೋಡಿಯಂ ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಜಿಪ್ಸಮ್ ಹಾಕಬೇಕು, ನೀರು ಹೊರಗೆ ಹೋಗಲು ಬಸಿಗಾಲುವೆಯೂ ಬೇಕು, ಇಲ್ಲದಿದ್ದರೆ ಜಿಪ್ಸಮ್ ದುಡ್ಡು ದಂಡ.

ಜೇವರ್ಗಿಯವರ ಲೋಟದಲ್ಲಿ ನೀರು ತಿಳಿಯಾಗಿತ್ತು. ಹಾಗಾಗಿ ಅವರದ್ದು ಹೊತ್ತು ತಪ್ಪಿದ ಉಳುಮೆಯ ತೊಂದರೆ ಅಷ್ಟೇ. ನಮ್ಮ ಬೀದರಿಗೆ ದೂರವಲ್ಲದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಎರೆ ಭೂಮಿಗೆ ಹೇಳಿದ್ದ ಪದ್ಧತಿಯಲ್ಲಿ ಒಂದು ಮಾತು ಇದೆ. ಹಿಂಗಾರಿ ಬೆಳೆ ಕೊಯ್ದ ಕೂಡಲೇ, ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಉತ್ತುಬಿಡಿ ಅಂತ. ಆಗ ಎದ್ದ ಹೆಂಟೆಯನ್ನು ಬೇಸಿಗೆ ಬಿಸಿಲು, ನಡುನಡುವೆ ಬೀಳುವ ಅಡ್ಡ ಮಳೆ ಎರಡೂ ಸೇರಿ ಪುಕ್ಕಟೆಯಾಗಿ ಒಡೆಯುತ್ತವೆ. ಮಿರಗ ಮಳೆಗೆ ಒಂದು ಸಲ ಕುಂಟೆ ಹೊಡೆದರೆ ಬಿತ್ತಲು ಸಾಕು. ಆ ರೈತರು ಈಗ ಕಡಲೆ ಕಿತ್ತ ಮೇಲೆ ಹಾಗೇ ಉಳುತ್ತಿದ್ದಾರೆ, ತೊಗರಿ ಎಲೆ ಉದುರಿದ್ದನ್ನು ಹೊಲದಲ್ಲೇ ಬಿಡುತ್ತಿದ್ದಾರೆ. ಮೇಲಿನ ಹೆಪ್ಪು ಹೋಗಿದೆ. ಕೆಳಗಿನ ಗಟ್ಟಿ ಪದರ ಮಾತ್ರ ಕೆಲವು ಕಡೆ ಇನ್ನೂ ಗುದ್ದಲಿಗೆ ತಾಗುತ್ತದೆ, ಅದು ಬಿರುಕು ಬಿಟ್ಟು ಸಡಿಲಾಗಲು ಇನ್ನೂ ಒಂದೆರಡು ಬೇಸಿಗೆ ಬೇಕಾಗಬಹುದು.